ಹೇಳ್ಯಾನ, ಕೇಳ್ಯಾನ, ಮಾಡಲಾಗಿದೆ

ಚಿತ್ತಾಪುರದಲ್ಲಿ ಒಂದು ಮನೆ ಏಳುತ್ತಿದೆ ಎಂದುಕೊಳ್ಳಿ. ಪಡಸಾಲೆಗೆ ಹಾಸಲು ಶಹಾಬಾದ್ ಕಲ್ಲು ಬರಬೇಕು. ಲಾರಿ ಡ್ರೈವರ್ ಗೌಂಡಿಗೆ ಹೇಳುತ್ತಾನೆ: ‘ನಾಳಿ ನಾನು ನಿಮ್ಮ ಕಲ್ಲು ಇಲ್ಲಿಗಿ ತರ್ತೀನಿ.’ ಸಂಜೆ ಗೌಂಡಿ ಮನೆ ಯಜಮಾನರಿಗೆ ಸುದ್ದಿ ಮುಟ್ಟಿಸುತ್ತಾನೆ: ‘ನಾಳಿ ಕಲ್ಲು ತರ್ತೀನಿ ಅಂತ ಹೇಳ್ಯಾನ್ರಿ.’ ಮಾತು ಒಂದು ಬಾಯಿಂದ ಇನ್ನೊಂದು ಬಾಯಿಗೆ ದಾಟಿತು, ಕ್ರಿಯಾಪದ ಮಾತ್ರ ಕದಲಲಿಲ್ಲ. ‘ತರ್ತೀನಿ’ ಎಂದು ಈಗ ಉಚ್ಚರಿಸುತ್ತಿರುವವನು ಗೌಂಡಿ. ಆದರೂ ಕಲ್ಲು ತರುವವನು ಅವನೇ ಎಂದು ಯಜಮಾನರು ತಪ್ಪು ತಿಳಿಯುವುದಿಲ್ಲ. ಅಷ್ಟು ಕೆಲಸವನ್ನು ‘ಅಂತ’ ಎಂಬ ಎರಡಕ್ಷರ ಮಾಡಿ ಮುಗಿಸುತ್ತದೆ.

ಈ ಗೌಂಡಿಯ ಮಗಳು ಹತ್ತನೇ ತರಗತಿಯಲ್ಲಿದ್ದರೆ ಅಪ್ಪ ಸಂಜೆ ಮಾಡಿದ ಕೆಲಸವನ್ನೇ ಅವಳು ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಮಾಡಬೇಕು. ಎಸ್ಸೆಸ್ಸೆಲ್ಸಿಯ ದ್ವಿತೀಯ ಭಾಷೆ ಇಂಗ್ಲಿಷ್ ಪತ್ರಿಕೆ 80 ಅಂಕಗಳದು. ಅದರಲ್ಲಿ ಪ್ರತ್ಯಕ್ಷ ಮಾತನ್ನು ಪರೋಕ್ಷಕ್ಕೆ ತಿರುಗಿಸುವುದಕ್ಕೂ ಕರ್ತರಿಯನ್ನು ಕರ್ಮಣಿಗೆ ತಿರುಗಿಸುವುದಕ್ಕೂ ಮೀಸಲಾಗುವುದು ಬೆರಳೆಣಿಕೆಯ ಅಂಕ. ಆದರೆ ಸೇಡಂ, ವಾಡಿ, ಚಿಂಚೋಳಿ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಈ ಅಂಕಗಳನ್ನು ಕಳೆದುಕೊಳ್ಳುವ ರೀತಿಯಲ್ಲಿ ಒಂದು ಕ್ರಮ ಕಾಣುತ್ತದೆ. ಅವರು ಮನಬಂದಂತೆ ತಪ್ಪುವುದಿಲ್ಲ. ಮನೆಯ ವ್ಯಾಕರಣವನ್ನು ನಿಷ್ಠೆಯಿಂದ ಪಾಲಿಸಿ ತಪ್ಪುತ್ತಾರೆ.

ಆ ಮನೆಯ ವ್ಯಾಕರಣವೂ ಒಂದೇ ಭಾಷೆಯದಲ್ಲ. ಸೇಡಂ ಮತ್ತು ಚಿಂಚೋಳಿ ತೆಲಂಗಾಣದ ಗಡಿಗೆ ಅಂಟಿದ ತಾಲ್ಲೂಕುಗಳು. ವಾಡಿಯಿಂದ ಚಿತ್ತಾಪುರ, ಸೇಡಂ ದಾಟಿ ತಾಂಡೂರಿನತ್ತ ಹೋಗುವ ರೈಲು ಹಳಿ 1874ರದು, ನಿಜಾಮರ ಕಾಲದ್ದು. 1948ರ ತನಕ ಇಲ್ಲಿ ಸರ್ಕಾರದ ಭಾಷೆ ಉರ್ದು ಆಗಿತ್ತು. ಈ ಸೀಮೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ ಡ್ರೈವರನ ಮಾತು ಇಲ್ಲಿ ಮೂರು ಭಾಷೆಗಳಲ್ಲಿ ದಾಟಬಲ್ಲದು. ಕನ್ನಡದಲ್ಲಿ ‘ನಾಳಿ ಬರ್ತೀನಿ ಅಂತ ಹೇಳ್ಯಾನ’ ಎಂದರೆ ತೆಲುಗಿನಲ್ಲಿ ‘ರೇಪು ವಸ್ತಾನು ಅನಿ ಚೆಪ್ಪಾಡು’ ಎನ್ನುತ್ತಾರೆ, ದಖನಿಯಲ್ಲಿ ‘ಕಲ್ ಆತೂಂ ಬೋಲ್ಕೆ ಬೋಲಾ’ ಎನ್ನುತ್ತಾರೆ. ಮೂರರ ಕಟ್ಟೂ ಒಂದೇ: ಮೊದಲು ಆಡಿದ ಮಾತು, ಆಮೇಲೆ ಅಂತ, ಅನಿ, ಬೋಲ್ಕೆ, ಕೊನೆಗೆ ಹೇಳಿದ ಎಂಬ ಕ್ರಿಯಾಪದ. ಉತ್ತರದ ಉರ್ದು, ಹಿಂದಿಗಳಲ್ಲಿ ‘ಉಸ್‌ನೇ ಕಹಾ ಕಿ’ ಎಂದು ಜೋಡಿಸುವ ಪದ ಮಾತಿಗಿಂತ ಮೊದಲೇ ಬಂದುಬಿಡುತ್ತದೆ. ದಖನಿ ದಕ್ಷಿಣದಲ್ಲಿ ಬಾಳಿ ಬೆಳೆದದ್ದರಿಂದ ಇಲ್ಲಿನ ಭಾಷೆಗಳ ಈ ಪದ್ಧತಿಯನ್ನು ತನ್ನದಾಗಿಸಿಕೊಂಡಿತು. ಮನೆಯಲ್ಲಿ ಯಾವುದನ್ನೇ ಆಡಲಿ, ಇಲ್ಲಿನ ಮಗು ವರದಿ ಮಾಡುವುದನ್ನು ಕಲಿತದ್ದು ಒಂದೇ ಬಗೆಯಲ್ಲಿ. ಆಡಿದ ಮಾತನ್ನು ಮುಟ್ಟಬೇಡ, ಬೆನ್ನಿಗೆ ‘ಅಂತ’ ಹಚ್ಚು.

ಈಗ ಡ್ರೈವರನ ಮಾತನ್ನೇ ಇಂಗ್ಲಿಷಿಗೆ ತಂದು ಪರೀಕ್ಷೆಯ ರೂಪಕ್ಕೆ ಇಳಿಸೋಣ. ‘ದ ಡ್ರೈವರ್ ಸೆಡ್ ಟು ದ ಮೇಸನ್, ಐ ವಿಲ್ ಬ್ರಿಂಗ್ ಯುವರ್ ಸ್ಟೋನ್ಸ್ ಹಿಯರ್ ಟುಮಾರೊ.’ ಹುಡುಗಿ ಬರೆಯುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ‘ದ ಡ್ರೈವರ್ ಟೋಲ್ಡ್ ದ್ಯಾಟ್ ಹೀ ವಿಲ್ ಬ್ರಿಂಗ್ ಯುವರ್ ಸ್ಟೋನ್ಸ್ ಹಿಯರ್ ಟುಮಾರೊ.’ ಅವಳು ‘ಐ’ ತೆಗೆದು ‘ಹೀ’ ಹಾಕಿದ್ದಾಳೆ, ‘ದ್ಯಾಟ್’ ಸೇರಿಸಿದ್ದಾಳೆ, ಉಳಿದುದನ್ನು ಹಾಗೇ ಬಿಟ್ಟಿದ್ದಾಳೆ. ಇದು ಕನ್ನಡದ ‘ತಾನು ತರುತ್ತೇನೆ ಎಂದು ಹೇಳಿದ’ ಎಂಬ ವಾಕ್ಯದ ತದ್ರೂಪು. ಅಲ್ಲಿಯೂ ‘ನಾನು’ ಹೋಗಿ ‘ತಾನು’ ಬಂದಿದೆ, ‘ತರುತ್ತೇನೆ’ ಮಾತ್ರ ಉತ್ತಮಪುರುಷದಲ್ಲೇ ಕೂತಿದೆ. ಲೆಕ್ಕಕ್ಕೆ ‘ತಾನು ತರುತ್ತಾನೆ’ ಆಗಬೇಕಿತ್ತು, ಆದರೆ ಕನ್ನಡದ ಕಿವಿಗೆ ‘ತಾನು ತರುತ್ತೇನೆ’ ಸಹಜ. ಅರ್ಧ ಬದಲಿಸಿ ಅರ್ಧ ಬಿಡುವುದು ನಮ್ಮ ಭಾಷೆಯ ಜಾಯಮಾನ.

ಇಂಗ್ಲಿಷಿಗೆ ಅದು ಒಗ್ಗುವುದಿಲ್ಲ. ಕಾರಣ ಸರಳವಾಗಿದ್ದರೂ ತರಗತಿಯಲ್ಲಿ ಇದನ್ನು ಹೇಳಿಕೊಡುವುದು ಕಡಿಮೆ. ಕನ್ನಡದಲ್ಲಿ ‘ಅಂತ’ದ ಒಳಗಿನ ಕಾಲ, ಜಾಗ ಎರಡೂ ಮೊದಲು ಮಾತಾಡಿದವನವು. ಇಂಗ್ಲಿಷಿನಲ್ಲಿ ಅವು ವರದಿ ಮಾಡುತ್ತಿರುವವನವು. ಗೌಂಡಿ ಈ ಸಂಗತಿಯನ್ನು ಒಂದು ವಾರದ ಮೇಲೆ ಚಿಂಚೋಳಿಯಲ್ಲಿ ತನ್ನ ಅಣ್ಣನಿಗೆ ಇಂಗ್ಲಿಷಿನಲ್ಲಿ ಹೇಳುತ್ತಾನೆ ಎಂದುಕೊಳ್ಳಿ. ಡ್ರೈವರ್ ‘ನಾಳೆ’ ಅಂದ ದಿನ ಗೌಂಡಿಗೆ ಈಗ ಕಳೆದು ಹೋದ ದಿನ, ಆದ್ದರಿಂದ ‘ದ ನೆಕ್ಸ್ಟ್ ಡೇ’. ‘ಇಲ್ಲಿ’ ಅಂದ ಜಾಗ ಚಿತ್ತಾಪುರ, ಚಿಂಚೋಳಿಯಿಂದ ನೋಡಿದರೆ ‘ಅಲ್ಲಿ’, ಆದ್ದರಿಂದ ‘ದೇರ್’. ಮುಂದೆ ಆಗಬೇಕಿದ್ದ ಕೆಲಸ ಈಗ ಕಳೆದುಹೋದ ಒಂದು ದಿನದಿಂದ ಮುಂದೆ ಆಗಬೇಕಿದ್ದ ಕೆಲಸ, ಆದ್ದರಿಂದ ‘ವಿಲ್’ ಹೋಗಿ ‘ವುಡ್’. ಯಾರಿಗೆ ಹೇಳಿದ್ದು ಎಂಬುದನ್ನು ಬಿಟ್ಟು ಬರೀ ‘ಟೋಲ್ಡ್’ ಎಂದು ಬರೆಯಲು ಇಂಗ್ಲಿಷ್ ಒಪ್ಪುವುದಿಲ್ಲ, ಹಾಗಾಗಿ ಗೌಂಡಿಯ ಬಾಯಲ್ಲಿ ‘ಟೋಲ್ಡ್ ಮಿ’, ‘ಮೈ ಸ್ಟೋನ್ಸ್’; ಮೂರನೆಯವರು ಹೇಳುವ ಪರೀಕ್ಷೆಯ ವಾಕ್ಯದಲ್ಲಿ ‘ಟೋಲ್ಡ್ ದ ಮೇಸನ್’, ‘ಹಿಸ್ ಸ್ಟೋನ್ಸ್’. ಎಲ್ಲ ಸೇರಿದರೆ: ‘ದ ಡ್ರೈವರ್ ಟೋಲ್ಡ್ ದ ಮೇಸನ್ ದ್ಯಾಟ್ ಹೀ ವುಡ್ ಬ್ರಿಂಗ್ ಹಿಸ್ ಸ್ಟೋನ್ಸ್ ದೇರ್ ದ ನೆಕ್ಸ್ಟ್ ಡೇ.’

ಗೈಡುಗಳಲ್ಲಿ ಇದನ್ನು ಎರಡು ಕಂಬಸಾಲಿನ ಕೋಷ್ಟಕವಾಗಿ ಅಚ್ಚು ಹಾಕಿರುತ್ತಾರೆ. ಎಡಕ್ಕೆ ‘ಟುಮಾರೊ’, ಬಲಕ್ಕೆ ‘ದ ನೆಕ್ಸ್ಟ್ ಡೇ’. ಮಕ್ಕಳು ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ. ತೊಂದರೆ ಏನೆಂದರೆ ಕೋಷ್ಟಕ ಒಂದು ಊಹೆಯ ಮೇಲೆ ನಿಂತಿದೆ ಎಂಬುದನ್ನು ಅದೇ ಮುಚ್ಚಿಡುತ್ತದೆ. ವರದಿ ಬೇರೆ ದಿನ, ಬೇರೆ ಜಾಗದಲ್ಲಿ ನಡೆಯುತ್ತಿದೆ ಎಂಬುದೇ ಆ ಊಹೆ. ಗೌಂಡಿ ಅದೇ ಸಂಜೆ, ಅದೇ ಕಟ್ಟಡದ ಮುಂದೆ ನಿಂತು ಯಜಮಾನರಿಗೆ ಇಂಗ್ಲಿಷಿನಲ್ಲಿ ಹೇಳಿದ್ದರೆ ‘ಹೀ ಸೆಡ್ ಹೀ ವಿಲ್ ಬ್ರಿಂಗ್ ಮೈ ಸ್ಟೋನ್ಸ್ ಹಿಯರ್ ಟುಮಾರೊ’ ಎಂಬುದೇ ಸರಿಯಾದ ಇಂಗ್ಲಿಷ್ ಆಗುತ್ತಿತ್ತು. ನಾಳೆ ಇನ್ನೂ ನಾಳೆಯೇ, ಇಲ್ಲಿ ಇನ್ನೂ ಇಲ್ಲಿಯೇ. ಇಂಥ ವಾಕ್ಯವನ್ನು ಎಲ್ಲೋ ಓದಿದ ಜಾಣ ಹುಡುಗಿ ಪರೀಕ್ಷೆಯಲ್ಲಿ ಬರೆದರೆ ಅಂಕ ಹೋಗುತ್ತದೆ, ಏಕೆ ಹೋಯಿತು ಎಂದು ಅವಳಿಗೆ ತಿಳಿಯುವುದೂ ಇಲ್ಲ. ಪ್ರಶ್ನೆಪತ್ರಿಕೆಗೆ ಊರಿಲ್ಲ, ತಾರೀಕಿಲ್ಲ. ಇವೆರಡೂ ಇಲ್ಲದ ಕಡೆ ‘ದೂರದ ಊರು, ಆಮೇಲಿನ ದಿನ’ ಎಂದು ಭಾವಿಸಿಕೊಳ್ಳುವುದು ಒಂದು ಒಪ್ಪಂದ. ಆ ಒಪ್ಪಂದವನ್ನು ಮೊದಲೇ ಬಾಯಿಬಿಟ್ಟು ಹೇಳಿದರೆ ಕೋಷ್ಟಕದ ಅರ್ಧದಷ್ಟನ್ನು ಮಗು ತಾನೇ ಕಟ್ಟಿಕೊಳ್ಳುತ್ತದೆ.

ಉತ್ತರ ಸರಿಯಿದೆಯೇ ಎಂದು ನೋಡಲೂ ಇದೇ ದಾರಿ. ಬರೆದ ವಾಕ್ಯವನ್ನು ಚಿಂಚೋಳಿಯ ಅಣ್ಣ ಓದುತ್ತಾನೆ ಎಂದುಕೊಂಡು ಓದಬೇಕು. ‘ಟುಮಾರೊ’ ಉಳಿದಿದ್ದರೆ ಅವನು ಮರುದಿನ ಲಾರಿಗೆ ಕಾಯುತ್ತಾನೆ. ‘ಹಿಯರ್’ ಉಳಿದಿದ್ದರೆ ಕಲ್ಲು ಚಿಂಚೋಳಿಗೆ ಬರುತ್ತದೆ ಅಂದುಕೊಳ್ಳುತ್ತಾನೆ. ‘ಯುವರ್’ ಉಳಿದಿದ್ದರೆ ಕಲ್ಲು ತನ್ನದೇ ಎನ್ನುತ್ತಾನೆ. ಯಾವ ಕಾಲದಲ್ಲೂ ಬದಲಾಗದ ಸಂಗತಿ ಇದ್ದರೆ ಕಾಲವನ್ನು ಕದಲಿಸಬೇಕಿಲ್ಲ. ವಾಡಿ ಒಂದು ಜಂಕ್ಷನ್ ಎಂದು ಮೇಷ್ಟ್ರು ಹೋದ ವರ್ಷ ಹೇಳಿದ್ದರೂ ಅದು ಇವತ್ತೂ ಜಂಕ್ಷನ್ನೇ, ಹಾಗಾಗಿ ‘ಈಸ್’ ಉಳಿಯಬಹುದು.

‘ಹಿಸ್ ಸ್ಟೋನ್ಸ್’ ಎಂಬಲ್ಲಿ ಇನ್ನೊಂದು ತೊಡಕಿದೆ. ಕಲ್ಲು ಡ್ರೈವರನದೋ ಗೌಂಡಿಯದೋ? ಇಂಗ್ಲಿಷ್ ಸುಮ್ಮನಿರುತ್ತದೆ. ಈ ಜಾಗದಲ್ಲಿ ಕನ್ನಡದ ಕೈ ಮೇಲು. ‘ತಾನು ಅವರ ಕಲ್ಲು ತರುವುದಾಗಿ ಡ್ರೈವರ್ ಗೌಂಡಿಗೆ ಹೇಳಿದ’ ಎಂದರೆ ಕಲ್ಲು ಗೌಂಡಿಯದು. ‘ತನ್ನ ಕಲ್ಲು’ ಎಂದರೆ ಡ್ರೈವರನದು. ಈ ವಾಕ್ಯದಲ್ಲಿ ಬಂದ ‘ತರುವುದಾಗಿ’ಯನ್ನೂ ಗಮನಿಸಿ. ‘ಎಂದು’ ಬಿಟ್ಟು, ಉತ್ತಮಪುರುಷವನ್ನೂ ಬಿಟ್ಟು, ಮಾತನ್ನು ಪೂರ್ತಿ ಪರೋಕ್ಷ ಮಾಡುವ ರೂಪ ಕನ್ನಡದಲ್ಲಿ ಇರುವುದು ಇದೇ. ಸೇಡಂ ಬಸ್ ನಿಲ್ದಾಣದಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ, ನಿಜ. ಪತ್ರಿಕೆಗಳಲ್ಲಿ, ಅರ್ಜಿಗಳಲ್ಲಿ ದಿನವೂ ಕಾಣುತ್ತದೆ. ಇಂಗ್ಲಿಷಿನ ಪರೋಕ್ಷ ವಾಕ್ಯಕ್ಕೆ ಕನ್ನಡದಲ್ಲಿ ನೆರವು ಹುಡುಕುವ ಮೇಷ್ಟ್ರು ‘ಎಂದು’ವಿನ ಬದಲು ‘ವುದಾಗಿ’ಯಿಂದ ಶುರು ಮಾಡಿದರೆ ಮಗುವಿಗೆ ಅರ್ಧ ದಾರಿ ಸವೆದಂತೆ.

ಪ್ರಶ್ನೆ ಕೇಳಿದ್ದನ್ನು ತಿರುಗಿಸುವಾಗ ಮನೆಯ ವ್ಯಾಕರಣ ಇನ್ನೂ ಗಟ್ಟಿಯಾಗಿ ಅಡ್ಡ ನಿಲ್ಲುತ್ತದೆ. ‘ಎಲ್ಲಿಗಿ ಹೊಂಟೀರಿ ಅಂತ ಕೇಳ್ಯಾನ’ ಎಂಬಲ್ಲಿ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿದಿದೆ. ಮಗು ಅದೇ ದಾರಿಯಲ್ಲಿ ‘ಹೀ ಆಸ್ಕ್‌ಡ್ ಮಿ ವೇರ್ ಆರ್ ಯು ಗೋಯಿಂಗ್’ ಎಂದು ಬರೆಯುತ್ತದೆ. ಬೇಕಾದದ್ದು ‘ವೇರ್ ಐ ವಾಸ್ ಗೋಯಿಂಗ್’. ಇಂಗ್ಲಿಷಿನಲ್ಲಿ ಪ್ರಶ್ನೆಗೆಂದೇ ಪದಗಳು ಸ್ಥಾನ ಪಲ್ಲಟವಾಗುತ್ತವೆ, ಪರೋಕ್ಷವಾದ ಕೂಡಲೇ ಆ ಪಲ್ಲಟ ವಾಪಸು ಹೋಗಬೇಕು. ಕನ್ನಡದಲ್ಲಿ ಪಲ್ಲಟವೇ ಇಲ್ಲದ್ದರಿಂದ ವಾಪಸು ಹೋಗುವುದು ಮಗುವಿಗೆ ಹೊಳೆಯುವುದಿಲ್ಲ. ಹೌದು–ಇಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಗೆ ‘ದ್ಯಾಟ್’ ಬದಲು ‘ಇಫ್’ ಬರಬೇಕು. ‘ಅಂತ’ಕ್ಕೆ ಇಂಥ ಭೇದಭಾವ ಇಲ್ಲದ್ದರಿಂದ ‘ಆಸ್ಕ್‌ಡ್ ದ್ಯಾಟ್’ ಎಂಬ ತಪ್ಪು ಹುಟ್ಟುತ್ತದೆ. ಆಜ್ಞೆಗಳು ಮಾತ್ರ ಸಲೀಸು. ‘ಬರಲು ಹೇಳಿದ’ ಎಂಬ ಕನ್ನಡ ರೂಪ ‘ಟೋಲ್ಡ್ ಮಿ ಟು ಕಮ್’ ಎಂಬುದಕ್ಕೆ ಸರಿಯಾಗಿ ಕೂಡುತ್ತದೆ.

ಕರ್ಮಣಿಯ ಕಥೆ ಬೇರೆ. ಅದು ಇಂಗ್ಲಿಷ್ ಪತ್ರಿಕೆಯಲ್ಲಷ್ಟೇ ಅಲ್ಲ, ಕನ್ನಡ ವ್ಯಾಕರಣ ಪಾಠದಲ್ಲೂ ಇದೆ. ರಾಮನು ರಾವಣನನ್ನು ಕೊಂದನು, ರಾಮನಿಂದ ರಾವಣನು ಕೊಲ್ಲಲ್ಪಟ್ಟನು. ಕನ್ನಡ ಶಾಲೆ ಕಂಡವರೆಲ್ಲ ಈ ಜೋಡಿಯನ್ನು ಒಮ್ಮೆಯಾದರೂ ಬರೆದಿದ್ದಾರೆ. ಬಾಯಿಬಿಟ್ಟು ಆಡಿದವರು ಯಾರು?

ಸೂತ್ರವೇನೋ ಚೊಕ್ಕವಾಗಿದೆ. ‘ಗೌಂಡಿಗಳು ಕಲ್ಲುಗಳನ್ನು ಹಾಸಿದರು’ ಎಂಬಲ್ಲಿ ಕಲ್ಲುಗಳಿಗೆ ಅಂಟಿದ ‘ಅನ್ನು’ ಕಳಚಬೇಕು, ಗೌಂಡಿಗಳಿಗೆ ‘ಇಂದ’ ಹಚ್ಚಬೇಕು, ‘ಹಾಸು’ ಎಂಬುದಕ್ಕೆ ‘ಅಲ್ಪಡು’ ಸೇರಿಸಬೇಕು, ಕೊನೆಯಲ್ಲಿ ಕ್ರಿಯಾಪದ ಕಲ್ಲುಗಳ ಲಿಂಗ–ವಚನಕ್ಕೆ ಹೊಂದಬೇಕು. ‘ಗೌಂಡಿಗಳಿಂದ ಕಲ್ಲುಗಳು ಹಾಸಲ್ಪಟ್ಟವು.’ ಇಂಗ್ಲಿಷಿನಲ್ಲೂ ಹೆಜ್ಜೆ ಇವೇ: ‘ದ ಮೇಸನ್ಸ್ ಲೇಡ್ ದ ಸ್ಟೋನ್ಸ್’ ಹೋಗಿ ‘ದ ಸ್ಟೋನ್ಸ್ ವರ್ ಲೇಡ್ ಬೈ ದ ಮೇಸನ್ಸ್’. ಇಲ್ಲಿ ಮಕ್ಕಳು ‘ವರ್’ ಬದಲು ‘ವಾಸ್’ ಬರೆಯುವುದು ಹೆಚ್ಚು. ಆಡುಮಾತಿನಲ್ಲಿ ಹತ್ತು ಕಲ್ಲಿದ್ದರೂ ಅದು ಕಲ್ಲೇ, ನಪುಂಸಕಲಿಂಗಕ್ಕೆ ನಾವು ಬಹುವಚನ ಹಚ್ಚುವುದು ಅಪರೂಪ. ಇನ್ನೊಂದು ತಪ್ಪು, ನಡೆಯುತ್ತಿರುವ ಕೆಲಸದಲ್ಲಿ ‘ಬೀಯಿಂಗ್’ ಬಿಡುವುದು. ‘ಆರ್ ಬೀಯಿಂಗ್ ಲೇಡ್’ ಆಗಬೇಕಾದದ್ದು ‘ಆರ್ ಲೇಯಿಂಗ್ ಬೈ’ ಆದರೆ ಕಲ್ಲುಗಳೇ ಏನನ್ನೋ ಹಾಸುತ್ತಿವೆ ಎಂದಾಗುತ್ತದೆ.

ಆದರೆ ಕನ್ನಡಕ್ಕೆ ಈ ರೂಪ ಏಕೆ ಬೇಕಾಯಿತು ಎಂಬುದು ನನ್ನ ತಕರಾರು. ಇಂಗ್ಲಿಷಿನಲ್ಲಿ ಕಲ್ಲನ್ನು ವಾಕ್ಯದ ಮೊದಲಿಗೆ ತರಬೇಕೆಂದರೆ ಸಾಮಾನ್ಯವಾಗಿ ಕರ್ಮಣಿಯನ್ನೇ ಹಿಡಿಯಬೇಕು, ಏಕೆಂದರೆ ಮೊದಲು ಬಂದದ್ದೇ ಅಲ್ಲಿ ಕರ್ತೃ. ಕನ್ನಡದಲ್ಲಿ ‘ಕಲ್ಲನ್ನು ಗೌಂಡಿ ಹಾಸಿದ’ ಎಂದರೆ ಮುಗಿಯಿತು, ‘ಅನ್ನು’ ಇರುವುದರಿಂದ ಜಾಗ ಬದಲಾದರೂ ಅರ್ಥ ಬದಲಾಗುವುದಿಲ್ಲ. ಹಾಸಿದವರು ಯಾರೆಂದು ಹೇಳುವ ಅಗತ್ಯ ಇಲ್ಲದಿದ್ದರೆ ನಮ್ಮ ಜನ ‘ಕಲ್ಲು ಹಾಸ್ಯಾರ’ ಅನ್ನುತ್ತಾರೆ. ‘ಅವರು’ ಯಾರೆಂದು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಇದೇ ನಮ್ಮ ನಿಜವಾದ ಕರ್ಮಣಿ. ಡಿ.ಎನ್. ಶಂಕರ ಭಟ್ಟರು 2000ದಲ್ಲಿ ಹೊರತಂದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದಲ್ಲಿ ಸಂಸ್ಕೃತದ ಅಚ್ಚಿನಲ್ಲಿ ಕನ್ನಡ ವ್ಯಾಕರಣ ಬರೆಯುವ ರೂಢಿಯನ್ನು ಪ್ರಶ್ನಿಸಿದರು. ಸಂಸ್ಕೃತವನ್ನು ಎಷ್ಟು ಒಳಗೆ ಬಿಟ್ಟುಕೊಳ್ಳಬೇಕು ಎಂಬ ಚರ್ಚೆ ಈ ಸೀಮೆಗೆ ಹೊಸದೇನಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ 9ನೇ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವೂ ಇದನ್ನು ಕೈಗೆತ್ತಿಕೊಂಡಿತ್ತು.

ಬರೆಯುವ ಕನ್ನಡದಲ್ಲಿ ಚೆನ್ನಾಗಿ ಬೇರು ಬಿಟ್ಟಿರುವ ಇನ್ನೊಂದು ರೂಪವಿದೆ. ‘ಕಲ್ಲುಗಳನ್ನು ಹಾಸಲಾಯಿತು.’ ಮೇಲ್ನೋಟಕ್ಕೆ ಇದೂ ಕರ್ಮಣಿಯಂತೆ ಕಾಣುತ್ತದೆ, ಒಳಗೆ ಬೇರೆಯೇ ಇದೆ. ‘ಅನ್ನು’ ಹಾಗೇ ಉಳಿದಿದೆ, ಅಂದರೆ ಕಲ್ಲು ಇನ್ನೂ ಕರ್ಮವೇ, ಕರ್ತೃವಿನ ಪೀಠ ಏರಿಲ್ಲ. ಕ್ರಿಯಾಪದವೂ ಕಲ್ಲಿನ ಮಾತು ಕೇಳುವುದಿಲ್ಲ, ಒಂದಿರಲಿ ನೂರಿರಲಿ ‘ಲಾಯಿತು’. ಕಳ್ಳರ ವಿಷಯಕ್ಕೆ ಬಂದರೆ ವ್ಯತ್ಯಾಸ ಎದ್ದು ಕಾಣುತ್ತದೆ: ‘ಕಳ್ಳರು ಹಿಡಿಯಲ್ಪಟ್ಟರು’ ಒಂದು, ‘ಕಳ್ಳರನ್ನು ಹಿಡಿಯಲಾಯಿತು’ ಇನ್ನೊಂದು. ಮಕ್ಕಳು ಎರಡನ್ನೂ ಕಲಸಿ ‘ಕಳ್ಳರನ್ನು ಹಿಡಿಯಲ್ಪಟ್ಟರು’ ಎಂದು ಬರೆಯುತ್ತಾರೆ. ‘ಪೊಲೀಸರಿಂದ ಕಳ್ಳರನ್ನು ಹಿಡಿಯಲಾಯಿತು’ ಎಂಬುದನ್ನು ದೊಡ್ಡವರೂ ಬರೆಯುತ್ತಾರೆ. ‘ಲಾಯಿತು’ ಇರುವುದೇ ಮಾಡಿದವನನ್ನು ಹೊರಗಿಡಲು. ಅಲ್ಲಿಗೆ ‘ಇಂದ’ ಹಚ್ಚಿ ಅವನನ್ನು ಮತ್ತೆ ಕರೆತಂದರೆ ವಾಕ್ಯ ಕುಂಟುತ್ತದೆ. ಹಿಡಿದವರ ಹೆಸರು ಬೇಕಿದ್ದರೆ ‘ಪೊಲೀಸರು ಕಳ್ಳರನ್ನು ಹಿಡಿದರು’ ಎನ್ನಲು ಏನು ಅಡ್ಡಿ?

‘ಇಂದ’ಕ್ಕೆ ಇಲ್ಲಿ ಇನ್ನೊಂದು ಅಪಾಯವೂ ಇದೆ. ನಿಷೇಧದಲ್ಲಿ ಅದು ಅರ್ಥವನ್ನೇ ತಿರುಗಿಸಿಬಿಡುತ್ತದೆ. ‘ರಾಜು ಲೆಕ್ಕ ಮಾಡಲಿಲ್ಲ’ ಎಂಬುದನ್ನು ಸೂತ್ರದ ಪ್ರಕಾರ ತಿರುಗಿಸಲು ಹೋದ ಮಗು ‘ರಾಜುವಿನಿಂದ ಲೆಕ್ಕ ಮಾಡಲಾಗಲಿಲ್ಲ’ ಎಂದು ಬರೆಯುತ್ತದೆ. ‘ನನ್ನಿಂದ ಆಗಂಗಿಲ್ಲ’ ಎಂಬ ಮಾತನ್ನು ಹುಟ್ಟಿನಿಂದ ಕೇಳಿದ ಯಾರೇ ಆಗಲಿ ಇದನ್ನು ‘ರಾಜುಗೆ ಲೆಕ್ಕ ಬರಲಿಲ್ಲ, ಅವನ ಕೈಯಲ್ಲಿ ಆಗಲಿಲ್ಲ’ ಎಂದೇ ಓದುತ್ತಾರೆ. ಮೊದಲ ವಾಕ್ಯದಲ್ಲಿ ರಾಜು ಸೋಮಾರಿಯಿರಬಹುದು, ಮರೆತಿರಬಹುದು. ಎರಡನೆಯದರಲ್ಲಿ ಅವನು ಅಸಮರ್ಥ. ಇಂಗ್ಲಿಷಿನ ‘ದ ಸಮ್ ವಾಸ್ ನಾಟ್ ಡನ್ ಬೈ ರಾಜು’ ಎಂಬುದರಲ್ಲಿ ಈ ಅಪವಾದ ಇಲ್ಲ. ಪರಿವರ್ತನೆಯಲ್ಲಿ ಅರ್ಥ ಕೆಡಬಾರದು ಎಂದು ಪ್ರಶ್ನೆಯಲ್ಲೇ ಬರೆದಿರುತ್ತದೆ. ಕನ್ನಡದಲ್ಲಿ ನಿಷೇಧದ ವಾಕ್ಯ ಕೊಟ್ಟರೆ ಆ ಷರತ್ತನ್ನು ಸಹಜವಾದ ಮಾತಿನಲ್ಲಿ ಪಾಲಿಸುವುದು ಕಷ್ಟ. ಪ್ರಶ್ನೆಪತ್ರಿಕೆ ತೆಗೆಯುವವರು ಇಂಥ ವಾಕ್ಯಗಳನ್ನು ಬಿಡುವುದೇ ಲೇಸು.

ಎರಡೂ ಪರಿವರ್ತನೆಗಳು ಒಂದೇ ವಾಕ್ಯದಲ್ಲಿ ಕೂಡುವುದು ಪರೀಕ್ಷೆಯಲ್ಲಿ ಅಪರೂಪ, ಸುದ್ದಿಯಲ್ಲಿ ದಿನನಿತ್ಯ. ‘ರಸ್ತೆಯನ್ನು ಶೀಘ್ರ ದುರಸ್ತಿ ಮಾಡಲಾಗುವುದು ಎಂದು ಅಧಿಕಾರಿ ತಿಳಿಸಿದರು.’ ಸೇಡಂ–ಚಿಂಚೋಳಿ ರಸ್ತೆಯ ಗುಂಡಿ ತೋರಿಸಿದ ಊರವರಿಗೆ ಅಧಿಕಾರಿ ‘ಮಾಡ್ತೀವ್ರಿ’ ಅಂದಿರಬಹುದು. ‘ಎಂದು’ ಇರುವುದರಿಂದ ಅವರ ಮಾತು ಇದ್ದಂತೆಯೇ ಬಂದಿದೆ ಎಂದು ಓದುಗರಿಗೆ ಅನಿಸುತ್ತದೆ. ಆದರೆ ಒಳಗಿನ ‘ವಿ’ ಜಾರಿ ‘ಲಾಗುವುದು’ ಕೂತಿದೆ, ಅದರ ಜೊತೆಗೆ ಮಾಡುವವರೂ ಜಾರಿದ್ದಾರೆ.

ಇದನ್ನು ಹಿಮ್ಮುಖ ಅಭ್ಯಾಸವಾಗಿ ತರಗತಿಗೆ ಕೊಡಬಹುದು: ಈ ವಾಕ್ಯವನ್ನು ಕರ್ತರಿಗೆ ತಿರುಗಿಸಿ. ಇಂಗ್ಲಿಷಿನಲ್ಲಿ ಇಂಥ ಕಡೆ ಕರ್ತೃ ಸಿಗದಿದ್ದರೆ ‘ಸಮ್‌ಬಡಿ’ ಎಂದು ತುಂಬಿಕೊಳ್ಳಲು ಅವಕಾಶವಿದೆ, ಅಂಕವೂ ಬರುತ್ತದೆ. ಕನ್ನಡದಲ್ಲಿ ‘ಯಾರೋ ರಸ್ತೆಯನ್ನು ಶೀಘ್ರ ದುರಸ್ತಿ ಮಾಡುತ್ತಾರೆ ಎಂದು ಅಧಿಕಾರಿ ತಿಳಿಸಿದರು’ ಎಂದು ಬರೆದು ನೋಡಿ. ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ.